ಮೂರು ಇಂಚು ಕೆಳಗಿಳಿದ ಸೊಂಟಪಟ್ಟಿ

ಕಳೆದ ಆಷಾಢದ ಒಂದು ಶನಿವಾರ ಮಧ್ಯಾಹ್ನ ಗುಬ್ಬಿಯಿಂದ ತಾಯಿ ಮತ್ತು ಮಗಳು ನನ್ನ ಅಂಗಡಿಗೆ ಬಂದರು. ತುಮಕೂರಿನ ಅಶೋಕ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಹೊಲಿಗೆ ಮತ್ತು ಆಲ್ಟರೇಷನ್ ಮಾಡುವ ಪುಟ್ಟ ಅಂಗಡಿ ನನ್ನದು. ಅದಕ್ಕೂ ಮೊದಲು ಒಂಬತ್ತು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯ ಪ್ಯಾಟರ್ನ್ ವಿಭಾಗದಲ್ಲಿದ್ದೆ. ಹಾಗಾಗಿ ಬಟ್ಟೆ ನೋಡಿದೊಡನೆ ಕೈ ಮೊದಲು ಟೇಪಿನ ಕಡೆಗೆ ಹೋಗುತ್ತದೆ. ಮಗಳು ಬಿ.ಕಾಂ. ಎರಡನೆಯ ವರ್ಷದವಳು. ಅವಳ ಚೀಲದಲ್ಲಿ ಎರಡು ಜೀನ್ಸ್ ಇದ್ದವು. ಒಂದು ಆಷಾಢದ ರಿಯಾಯಿತಿಯಲ್ಲಿ ಆನ್‌ಲೈನ್‌ನಿಂದ ತರಿಸಿದ ಹೊಸ ಲೋ ವೇಸ್ಟ್ ಜೀನ್ಸ್, ಅದು ಸೊಂಟದಲ್ಲಿ ಹಿಡಿಯುತ್ತಿತ್ತು. ಇನ್ನೊಂದು ಪಿಯುಸಿಯಲ್ಲಿ ಕೊಂಡ ಸಾಧಾರಣ ಜೀನ್ಸ್, ಅದನ್ನು ಮೇಲಿನಿಂದ ಕತ್ತರಿಸಿ ಲೋ ವೇಸ್ಟ್ ಮಾಡಿಕೊಡಬೇಕಿತ್ತು. ತಾಯಿಯ ಕೈಯಲ್ಲಿ ಮೂರನೆಯದೊಂದಿತ್ತು. ಅವರು ಕಾಲೇಜಿನಲ್ಲಿದ್ದಾಗ, 2004ರಲ್ಲಿ, ಬೆಂಗಳೂರಿನಿಂದ ತಂದು ಮದುವೆಯಾದ ಮೇಲೆ ಟ್ರಂಕಿನಲ್ಲಿ ಇಟ್ಟುಬಿಟ್ಟಿದ್ದ ಜೀನ್ಸ್ ಅದು.

"ಹೊಸದಕ್ಕೆ ದುಡ್ಡು ಹಾಕುವುದೇಕೆ ಅಕ್ಕ? ಇದೇ ಫ್ಯಾಷನ್ ತಾನೇ ತಿರುಗಿ ಬಂದಿರುವುದು. ನನ್ನದನ್ನೇ ಇವಳ ಅಳತೆಗೆ ಮಾಡಿಕೊಡಿ" ಎಂದರು ತಾಯಿ.

ಕೇಳುವುದಕ್ಕೆ ನ್ಯಾಯವಾದ ಮಾತು. ಆದರೆ ಮೂರನ್ನೂ ಮೇಜಿನ ಮೇಲೆ ಹರಡಿ ಅಳೆದಾಗ, ಇಪ್ಪತ್ತು ವರ್ಷದ ಹಿಂದಿನ ಫ್ಯಾಷನ್ ಎಷ್ಟರ ಮಟ್ಟಿಗೆ ಮರಳಿದೆ, ಎಲ್ಲಿ ಬೇರೆಯಾಗಿದೆ ಎಂಬುದು ಇಂಚುಗಳಲ್ಲಿಯೇ ಕಾಣಿಸಿತು. ವೈ ಟು ಕೆ, ಅಂದರೆ ಇಸವಿ 2000, ಎಂಬ ಹೆಸರಿನಲ್ಲಿ ಈಗ ಚಲಾವಣೆಯಲ್ಲಿರುವ ಈ ಅಲೆಯ ಗುರುತುಗಳನ್ನು ಕೇಳಿದರೆ ಎಲ್ಲರೂ ಮೂರನ್ನು ಹೇಳುತ್ತಾರೆ: ಸೊಂಟದಿಂದ ಇಳಿದ ಜೀನ್ಸ್, ಲೋಹದಂತೆ ಮಿನುಗುವ ಟಾಪ್, ಅಂಗೈಯಗಲದ ಬ್ಯಾಗ್. ಇವು ಬೇರೆ ಬೇರೆ ಶೋಕಿಗಳಂತೆ ಕಾಣುತ್ತವೆ. ನನಗೆ ಹಾಗೆ ಕಾಣುವುದಿಲ್ಲ. ಮೊದಲನೆಯದು ಕೆಳಗಿಳಿದದ್ದರಿಂದಲೇ ಉಳಿದೆರಡಕ್ಕೂ ಜಾಗ ಹುಟ್ಟಿತು. ಆದ್ದರಿಂದ ಸೊಂಟಪಟ್ಟಿಯಿಂದಲೇ ಶುರು ಮಾಡುತ್ತೇನೆ.

ಪ್ಯಾಂಟಿನ ನಾಲ್ಕು ಹೊಲಿಗೆಗಳು ಕೂಡುವ ಕವಲಿನ ಬಿಂದುವಿನಿಂದ ಮುಂಭಾಗದ ಸೊಂಟಪಟ್ಟಿಯ ಮೇಲಂಚಿನವರೆಗಿನ ಉದ್ದಕ್ಕೆ ನಾವು ಫ್ರಂಟ್ ರೈಸ್ ಎನ್ನುತ್ತೇವೆ. ಅದೇ ಬಿಂದುವಿನಿಂದ ಹಿಂದಿನ ಪಟ್ಟಿಯವರೆಗಿನದು ಬ್ಯಾಕ್ ರೈಸ್. ಜೀನ್ಸ್ ಎಷ್ಟು ಕೆಳಗೆ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಈ ಎರಡು ಅಳತೆಗಳು, ಚೀಟಿಯ ಮೇಲಿನ ಸೊಂಟದ ಸಂಖ್ಯೆಯಲ್ಲ. ಹೆಣ್ಣುಮಕ್ಕಳ ಜೀನ್ಸಿನಲ್ಲಿ ಫ್ರಂಟ್ ರೈಸ್ ಹತ್ತು ಇಂಚು ದಾಟಿದರೆ ಅದು ಹೈ ವೇಸ್ಟ್, ಪಟ್ಟಿ ಹೊಕ್ಕುಳನ್ನು ಮುಟ್ಟುತ್ತದೆ. ಒಂಬತ್ತರ ಆಸುಪಾಸಿನಲ್ಲಿ ಇದ್ದರೆ ಸಾಧಾರಣ. ಎಂಟಕ್ಕಿಂತ ಕಡಿಮೆಯಾದರೆ ಲೋ ವೇಸ್ಟ್. ಮಗಳ ಪಿಯುಸಿ ಜೀನ್ಸಿನ ಫ್ರಂಟ್ ರೈಸ್ ಒಂಬತ್ತೂವರೆ ಇತ್ತು, ಹೊಸದರದ್ದು ಏಳೂವರೆ, ತಾಯಿಯದು ಏಳೂಕಾಲು. ಇಷ್ಟನ್ನೇ ನೋಡಿದರೆ ತಾಯಿಯ ಮಾತು ಸರಿ, ತಾಯಿಯ ಜೀನ್ಸೂ ಮಗಳ ಜೀನ್ಸೂ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ.

ಈ ಇಳಿತ ಎಲ್ಲಿಂದ ಬಂತು ಎಂಬುದನ್ನು ಇಲ್ಲಿ ಹೇಳಬೇಕು. ಲಂಡನ್ನಿನ ವಸ್ತ್ರವಿನ್ಯಾಸಕ ಅಲೆಕ್ಸಾಂಡರ್ ಮೆಕ್ವೀನ್ 1993ರಲ್ಲಿ ಬಂಸ್ಟರ್ ಎಂಬ ಪ್ಯಾಂಟನ್ನು ತೋರಿಸಿದರು. ಅದರ ಪಟ್ಟಿ ಎಷ್ಟು ಕೆಳಗಿತ್ತೆಂದರೆ ಬೆನ್ನುಮೂಳೆಯ ತುದಿ ಕಾಣುತ್ತಿತ್ತು. ಜನ ಅದನ್ನು ಮೈ ತೋರಿಸುವ ಹುನ್ನಾರವೆಂದುಕೊಂಡರು. ಮೆಕ್ವೀನರ ಉದ್ದೇಶ ಮೈಯ ಮೇಲಿನ ಅರ್ಧವನ್ನು ಉದ್ದವಾಗಿ ಕಾಣಿಸುವುದಾಗಿತ್ತು. ಕತ್ತರಿ ಹಿಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸೊಂಟಪಟ್ಟಿ ಎಂದರೆ ದೇಹವನ್ನು ಎರಡಾಗಿ ಭಾಗ ಮಾಡುವ ಗೆರೆ. ಗೆರೆ ಮೂರು ಇಂಚು ಕೆಳಗೆ ಬಂದರೆ ಮೇಲಿನ ಅರ್ಧ ಬೆಳೆಯುತ್ತದೆ, ಕೆಳಗಿನದು ಗಿಡ್ಡವಾಗುತ್ತದೆ. ಗಿಡ್ಡವಾದ ಕಾಲನ್ನು ಮತ್ತೆ ಉದ್ದ ಕಾಣಿಸಲು ಆಗ ಮಂಡಿಯಿಂದ ಕೆಳಗೆ ಅಗಲವಾಗಿ ನೆಲ ಮುಟ್ಟುವ ಬೂಟ್‌ಕಟ್ ಬಂತು. ತಾಯಿಯ ಜೀನ್ಸಿನ ಹಿಮ್ಮಡಿಯ ಅಂಚು ಸವೆದು ನಾರುನಾರಾಗಿದ್ದದ್ದು ಅದರಿಂದಲೇ. ಆ ವರ್ಷಗಳಲ್ಲಿ ತುಮಕೂರಿನ ಮಳೆಗಾಲದ ಕೆಸರನ್ನೆಲ್ಲ ಹೆಣ್ಣುಮಕ್ಕಳ ಜೀನ್ಸಿನ ಅಂಚು ಗುಡಿಸುತ್ತಿತ್ತು.

ನಮ್ಮಲ್ಲಿ ಇದನ್ನು ಹೊಸದು ಎನ್ನುವಂತೆಯೂ ಇಲ್ಲ. ಹೊಕ್ಕುಳ ಮೇಲೆ ಸೀರೆ ಉಡಬೇಕೋ ಕೆಳಗೆ ಉಡಬೇಕೋ ಎಂಬ ಜಗಳ ಪ್ರತಿ ಮನೆಯಲ್ಲೂ ಅತ್ತೆ ಸೊಸೆಯರ ನಡುವೆ ನಡೆದಿದೆ. ಲಂಗದ ಲಾಡಿಯನ್ನು ಮೂರು ಬೆರಳು ಕೆಳಗೆ ಕಟ್ಟಿದರೆ ನೆರಿಗೆ ಬೀಳುವ ರೀತಿ ಬದಲಾಗುತ್ತದೆ, ನಿಲುವು ಬದಲಾಗುತ್ತದೆ ಎಂಬುದು ಉಟ್ಟವರಿಗೆಲ್ಲ ಗೊತ್ತು. ಆದರೆ ಲಾಡಿಯನ್ನು ದಿನದಿನಕ್ಕೆ ಬೇಕಾದಷ್ಟು ಬಿಗಿದು ಸಡಿಲಿಸಬಹುದು, ಜೀನ್ಸಿನ ಪಟ್ಟಿಯನ್ನು ಕಾರ್ಖಾನೆಯಲ್ಲಿ ಒಮ್ಮೆ ಹೊಲಿದರೆ ಮುಗಿಯಿತು. ಲೋ ವೇಸ್ಟ್ ಜೀನ್ಸಿನ ಎಲ್ಲ ತಾಪತ್ರಯಗಳ ಬೇರು ಇಲ್ಲಿದೆ.

ಮಗಳಿಗೆ ಹೊಸ ಜೀನ್ಸ್ ಹಿಡಿಯುತ್ತಿದ್ದ ಕಾರಣವೂ ಅದೇ. ಅವಳ ನಡು, ಅಂದರೆ ಹೊಕ್ಕುಳ ಮಟ್ಟದ ಸುತ್ತಳತೆ, ಇಪ್ಪತ್ತೊಂಬತ್ತು ಇಂಚು. ಅದನ್ನು ನೋಡಿಕೊಂಡು ಅವಳು ಮೂವತ್ತರ ಸೈಜ್ ತರಿಸಿದ್ದಳು. ಬಟ್ಟೆಯ ಪಟ್ಟಿಯನ್ನು ಅಳೆದರೆ ಮೂವತ್ತೂವರೆ ಬಂತು. ಒಂದೂವರೆ ಇಂಚು ಸಡಿಲವಿರಬೇಕಿತ್ತು. ಆದರೆ ಆ ಪಟ್ಟಿ ನಡುವಿನಲ್ಲಿ ನಿಲ್ಲುವುದೇ ಇಲ್ಲವಲ್ಲ! ಅದು ನಿಲ್ಲುವುದು ಮೂರು ಇಂಚು ಕೆಳಗೆ, ಮೈ ಅಗಲವಾಗುತ್ತ ಹೋಗುವ ಇಳಿಜಾರಿನಲ್ಲಿ. ಅಲ್ಲಿ ಅವಳ ಸುತ್ತಳತೆ ಮೂವತ್ತಮೂರು. ಎರಡೂವರೆ ಇಂಚು ಕಡಿಮೆಯಿದ್ದ ಪಟ್ಟಿ ಮೆತ್ತಗಿನ ಜಾಗವನ್ನು ಒತ್ತಿ, ಒತ್ತಿದ ಮೈ ಪಟ್ಟಿಯ ಮೇಲೆ ಉಬ್ಬಿ ನಿಂತಿತ್ತು. ಅವಳು ಕನ್ನಡಿಯಲ್ಲಿ ನೋಡಿಕೊಂಡು ತಾನು ದಪ್ಪವಾಗಿದ್ದೇನೆ ಎಂದು ತೀರ್ಮಾನಿಸಿ, ಒಂದು ವಾರ ರಾತ್ರಿಯ ಊಟ ಬಿಟ್ಟಿದ್ದಳಂತೆ. ನನಗೆ ಬಹಳ ಸಂಕಟವಾಯಿತು. ತಪ್ಪು ಅಳೆದ ಜಾಗದ್ದು, ಶಿಕ್ಷೆ ಹೊಟ್ಟೆಗೆ.

2000ದ ದಶಕದಲ್ಲಿಯೂ ಇದೇ ಆಗಿತ್ತು. ಆಗಿನ ಪತ್ರಿಕೆಗಳ ಪುಟಗಳಲ್ಲಿ ಇಂಥ ಜೀನ್ಸ್ ತೊಟ್ಟು ನಿಂತವರೆಲ್ಲ ಚಪ್ಪಟೆ ಹೊಟ್ಟೆಯವರು. ಹಾಗಾಗಿ ಬಟ್ಟೆ ಕತ್ತರಿಸಿದ ರೀತಿಯ ದೋಷವೆಲ್ಲ ದೇಹದ ದೋಷವೆಂದು ಎಣಿಕೆಯಾಯಿತು. ಲೋ ವೇಸ್ಟ್ ತರಿಸುವವರು ಮಾಡಬೇಕಾದದ್ದು ಇಷ್ಟೇ. ಅರ್ಧ ಇಂಚಿನ ಎಲಾಸ್ಟಿಕ್ ಒಂದನ್ನು ಪಟ್ಟಿ ನಿಲ್ಲಬೇಕಾದ ಮಟ್ಟದಲ್ಲಿ ಮೈಗೆ ಕಟ್ಟಿಕೊಂಡು, ಟೇಪನ್ನು ಅದರ ಮೇಲೆಯೇ ಸುತ್ತಿ ಅಳೆಯಬೇಕು. ನಿಂತು ಒಮ್ಮೆ, ಸ್ಟೂಲಿನ ಮೇಲೆ ಕುಳಿತು ಒಮ್ಮೆ. ಕುಳಿತಾಗ ಬರುವ ಹೆಚ್ಚಿನ ಅಳತೆಯೇ ನಿಜವಾದ ಅಳತೆ. ಬಳಿಕ ಆನ್‌ಲೈನ್ ಅಂಗಡಿಯ ಅಳತೆಪಟ್ಟಿಯಲ್ಲಿ ಬಟ್ಟೆಯ ಪಟ್ಟಿಯ ಸುತ್ತಳತೆಯನ್ನೂ ಫ್ರಂಟ್ ರೈಸನ್ನೂ ಹುಡುಕಬೇಕು. ಅವೆರಡನ್ನೂ ಕೊಡದ ಕಡೆ ಲೋ ವೇಸ್ಟ್ ಕೊಳ್ಳುವುದು ಕಣ್ಣು ಮುಚ್ಚಿ ಕೊಂಡಂತೆ.

ಕುಳಿತು ನೋಡಬೇಕು ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ನಾವು ಕುಳಿತಾಗ ಹಿಂಭಾಗದ ಮೈ ಹಿಗ್ಗುತ್ತದೆ. ಈ ಹುಡುಗಿಯ ಮೈಮೇಲೆ ಕವಲಿನಿಂದ ಹಿಂದಿನ ಪಟ್ಟಿಯ ಮಟ್ಟದವರೆಗೆ ನಿಂತಾಗಲೂ ಕುಳಿತಾಗಲೂ ಅಳೆದೆ, ಸುಮಾರು ಒಂದೂವರೆ ಇಂಚಿನ ವ್ಯತ್ಯಾಸ ಬಂತು. ಆ ಒಂದೂವರೆ ಇಂಚನ್ನು ಬಟ್ಟೆ ಎಲ್ಲಿಂದಲಾದರೂ ಕೊಡಲೇಬೇಕು. ಹೈ ವೇಸ್ಟಿನಲ್ಲಿ ಪಟ್ಟಿ ನಡುವಿನ ಕಿರಿದಾದ ಜಾಗವನ್ನು ಅಪ್ಪಿಕೊಂಡಿರುವುದರಿಂದ ಸ್ವಲ್ಪ ಜಾರಿದರೂ ಮುಚ್ಚಿಯೇ ಇರುತ್ತದೆ. ಲೋ ವೇಸ್ಟಿನಲ್ಲಿ ಪಟ್ಟಿಯೇ ಕೆಳಗೆ ಎಳೆದುಕೊಂಡು ಹೋಗಿ ಬೆನ್ನ ಹಿಂದೆ ಬಾಯಿ ತೆರೆಯುತ್ತದೆ. ಬಸ್ಸಿನ ಸೀಟಿನಲ್ಲಿ ಕುಳಿತ ಹುಡುಗಿಯರು ಮತ್ತೆ ಮತ್ತೆ ಟಾಪನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದಕ್ಕೇ. ಬೆಲ್ಟ್ ಬಿಗಿದರೆ ಸರಿಹೋಗುತ್ತದೆ ಎಂದುಕೊಳ್ಳುತ್ತಾರೆ. ಹೋಗುವುದಿಲ್ಲ. ಬೆಲ್ಟ್ ನೇರವಾದ ಪಟ್ಟಿ, ಆ ಜಾಗದ ಮೈ ಬೋರಲಿಟ್ಟ ಆಲಿಕೆಯಂತೆ ಕೆಳಮುಖವಾಗಿ ಅಗಲವಾಗುವ ಆಕಾರ. ಬಿಗಿದಷ್ಟೂ ಕೆಳಗಿನ ಅಂಚು ಕಚ್ಚುತ್ತದೆ, ಮೇಲಿನ ಅಂಚು ಹೊರಕ್ಕೆ ಚಾಚುತ್ತದೆ.

ಒಳ್ಳೆಯ ಲೋ ವೇಸ್ಟ್ ಜೀನ್ಸನ್ನು ಗುರುತಿಸುವುದು ಹೀಗೆ. ಮೊದಲು ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು ನೋಡಿ. ಅದು ಅಡ್ಡಗೆರೆಯಂತೆ ನೇರವಾಗಿದ್ದರೆ ಸಾಧಾರಣ ಜೀನ್ಸಿನ ಪಟ್ಟಿಯನ್ನೇ ಕೆಳಗೆ ಕೂರಿಸಿದ್ದಾರೆ ಎಂದರ್ಥ. ಬಾಗಿದ ಪಟ್ಟಿಯಾಗಿದ್ದರೆ, ಅಂದರೆ ಕೆಳಗಿನ ಅಂಚು ಮೇಲಿನದಕ್ಕಿಂತ ಉದ್ದವಿದ್ದು ನಸುನಗೆಯಂತೆ ಬಳುಕಿದ್ದರೆ, ಅದನ್ನು ಈ ಜಾಗಕ್ಕೆಂದೇ ಕತ್ತರಿಸಿದ್ದಾರೆ. ಆಮೇಲೆ ಬ್ಯಾಕ್ ರೈಸ್ ಅಳೆಯಿರಿ. ಅದು ಮುಂದಿನದಕ್ಕಿಂತ ಸುಮಾರು ನಾಲ್ಕು ಇಂಚು ಹೆಚ್ಚಿರಬೇಕು. ಮುಂದೆ ಏಳೂವರೆ ಇದ್ದರೆ ಹಿಂದೆ ಹನ್ನೊಂದೂವರೆ ಬೇಕು. ಹಿಂದೆಯೂ ಮುಂದಿನಷ್ಟೇ ಕೊಯ್ದು ಹತ್ತಕ್ಕೆ ತಂದು ನಿಲ್ಲಿಸಿದ ಅಗ್ಗದ ಜೀನ್ಸ್‌ಗಳು ನನ್ನ ಮೇಜಿಗೆ ಬಂದಿವೆ. ಅವುಗಳನ್ನು ತೊಟ್ಟು ನಿಲ್ಲಬಹುದು, ಕೂರಲಾಗದು.

ಇದೇ ಕಾರಣಕ್ಕೆ ಸಾಧಾರಣ ಜೀನ್ಸನ್ನು ಮೇಲಿನಿಂದ ಎರಡು ಇಂಚು ಸಮನಾಗಿ ಕತ್ತರಿಸಿ ಲೋ ವೇಸ್ಟ್ ಮಾಡುವುದು ಕೆಟ್ಟ ಕೆಲಸ. ಹಾಗೆ ಕತ್ತರಿಸಿದರೆ ಮುಂದೆ ಜೇಬಿನ ಬಾಯಿ ಹೋಗುತ್ತದೆ. ಹಿಂದೆ ಬೆನ್ನಿನ ಬಾಗಿಗೆ ಆಕಾರ ಕೊಡುವ ತ್ರಿಕೋನದ ತುಂಡು, ಯೋಕ್ ಎನ್ನುತ್ತಾರಲ್ಲ, ಅದರ ಬಹುಪಾಲು ಹೋಗುತ್ತದೆ. ಅದಿಲ್ಲದ ಹಿಂಭಾಗ ಗೋಣಿಚೀಲದಂತೆ ಚಪ್ಪಟೆ. ನಾನು ಮಗಳ ಪಿಯುಸಿ ಜೀನ್ಸಿಗೆ ಮಾಡಿದ್ದು ಬೇರೆ. ಪಟ್ಟಿಯನ್ನು ಪೂರ್ತಿ ಬಿಚ್ಚಿ, ಮುಂಭಾಗದ ನಡುವಿನಲ್ಲಿ ಎರಡು ಇಂಚು, ಪಕ್ಕದ ಹೊಲಿಗೆಯಲ್ಲಿ ಒಂದೂಕಾಲು, ಬೆನ್ನ ನಡುವಿನಲ್ಲಿ ಬರಿಯ ಅರ್ಧ ಇಂಚು ಎಂದು ಸೀಮೆಸುಣ್ಣದಲ್ಲಿ ಇಳಿಗೆರೆ ಎಳೆದು ಕತ್ತರಿಸಿದೆ. ಜೇಬಿನ ಬಾಯಿಯನ್ನು ಒಂದೂವರೆ ಇಂಚು ಕೆಳಗೆ ಹೊಸದಾಗಿ ಕೊರೆದೆ. ಹಳೆಯ ಪಟ್ಟಿ ನೇರವಾಗಿದ್ದರಿಂದ ಅದನ್ನು ಬೆನ್ನ ನಡುವೆ ಮತ್ತು ಎರಡೂ ಪಕ್ಕಗಳಲ್ಲಿ ಕತ್ತರಿಸಿ, ಪ್ರತಿ ಜೋಡಣೆಯಲ್ಲೂ ಮೇಲಂಚನ್ನು ಕಾಲು ಇಂಚು ಒಳಕ್ಕೆ ಹಿಡಿದು ಬಾಗಿಸಿದೆ. ಉಳಿದದ್ದು ಜಿಪ್. ಮೊದಲಿನದು ಐದು ಇಂಚಿನದು, ಈಗ ಅದಕ್ಕೆ ಜಾಗವಿಲ್ಲ, ಮೂರು ಇಂಚಿನದು ಬೇಕು. ಲೋಹದ ಜಿಪ್ಪನ್ನು ಮೇಲಿನಿಂದ ಕತ್ತರಿಸಿ ಹಲ್ಲು ಕಿತ್ತು ಗಿಡ್ಡ ಮಾಡಬಹುದು, ಆದರೆ ಮೇಲಿನ ತಡೆಯನ್ನು ಇಕ್ಕಳದಿಂದ ಒತ್ತಿ ಕೂರಿಸಬೇಕು. ಸರಿಯಾಗಿ ಕೂರದಿದ್ದರೆ ಒಂದು ದಿನ ಜಿಪ್ಪಿನ ತಲೆಯೇ ಕಳಚಿ ಕೈಗೆ ಬರುತ್ತದೆ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹೊಸ ಜೀನ್ಸಿನ ಪಟ್ಟಿಯನ್ನು ಅಗಲ ಮಾಡಬೇಕಿತ್ತು. ಜೀನ್ಸಿನ ಹಿಂದಿನ ಹೊಲಿಗೆಯಲ್ಲಿ ಬಿಡಿಸಿಕೊಳ್ಳಲು ಒಳಗೆ ಮಡಿಸಿಟ್ಟ ಹೆಚ್ಚುವರಿ ಬಟ್ಟೆ ಇರುವುದಿಲ್ಲ. ಅದೃಷ್ಟಕ್ಕೆ ಕಾಲು ಉದ್ದವಿತ್ತು. ತುದಿಯಲ್ಲಿ ಕತ್ತರಿಸಿದ ಬಟ್ಟೆಯಿಂದ ಎರಡು ತ್ರಿಕೋನ ತೆಗೆದು, ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಕೂರಿಸಿದೆ. ಮೇಲೆ ಒಂದೂಕಾಲು ಇಂಚು ಅಗಲ, ಐದು ಇಂಚು ಕೆಳಗೆ ಬರುವಷ್ಟರಲ್ಲಿ ಸೊನ್ನೆ. ಮೂವತ್ತೂವರೆಯಿದ್ದ ಪಟ್ಟಿ ಮೂವತ್ತಮೂರಾಯಿತು. ತೊಟ್ಟುಕೊಂಡು ಸ್ಟೂಲಿನ ಮೇಲೆ ಕುಳಿತವಳು "ಅಕ್ಕ, ಉಸಿರಾಡಬಹುದು" ಎಂದಳು.

ತಾಯಿಯ ಜೀನ್ಸನ್ನು ಯಾಕೆ ಬಳಸಲಾಗಲಿಲ್ಲ ಎಂಬುದು ಈ ಮರುಕಳಿಕೆಯ ನಿಜವಾದ ಗುರುತನ್ನು ತೋರಿಸುತ್ತದೆ. ಫ್ರಂಟ್ ರೈಸ್ ಒಂದೇ ಆದರೂ ತೊಡೆಯ ಸುತ್ತಳತೆ ತಾಯಿಯದರಲ್ಲಿ ಇಪ್ಪತ್ತೊಂದು ಇಂಚು, ಮಗಳ ಹೊಸದರಲ್ಲಿ ಇಪ್ಪತ್ತೈದು. 2004ರ ಜೀನ್ಸ್ ಸೊಂಟದಿಂದ ಮಂಡಿಯವರೆಗೆ ಮೈಗೆ ಅಂಟಿಕೊಂಡು, ಮಂಡಿಯಿಂದ ಕೆಳಗೆ ಮಾತ್ರ ಬಿರಿಯುತ್ತಿತ್ತು. ಈಗಿನದು ಸೊಂಟದ ಎಲುಬಿನಿಂದ ನೇತುಬಿದ್ದು ಲಂಗದಂತೆ ಸಡಿಲವಾಗಿ ಇಳಿಯುತ್ತದೆ. ಪಟ್ಟಿಯ ಮಟ್ಟವನ್ನು ಮಾತ್ರ ಹಳೆಯ ಕಾಲದಿಂದ ತೆಗೆದುಕೊಂಡು, ಕಾಲಿನ ಅಗಲವನ್ನು ಈ ಪೀಳಿಗೆ ತನ್ನ ಸಡಿಲ ಉಡುಪಿನ ರೂಢಿಯಿಂದ ತಂದಿದೆ. ಹಳೆಯ ಫೋಟೋದಲ್ಲಿರುವ ಜೀನ್ಸ್ ಯಾವುದು, ಈಗಿನದು ಯಾವುದು ಎಂದು ಹೇಳಬೇಕಾದರೆ ನಾನು ಸೊಂಟವನ್ನು ನೋಡುವುದೇ ಇಲ್ಲ, ತೊಡೆಯನ್ನು ನೋಡುತ್ತೇನೆ.

ಇದಲ್ಲದೆ ಬಟ್ಟೆಯ ಪ್ರಾಣವೂ ಹೋಗಿತ್ತು. ಮೈಗಂಟುವ ಜೀನ್ಸಿಗೆ ಹತ್ತಿಯ ಜೊತೆಗೆ ನೂರಕ್ಕೆ ಒಂದೆರಡು ಪಾಲು ಎಲಾಸ್ಟೇನ್, ಅಂದರೆ ನಾವು ಲೈಕ್ರಾ ಎನ್ನುವ ಎಳೆ, ಸೇರಿರುತ್ತದೆ. ಇಪ್ಪತ್ತು ವರ್ಷ ಟ್ರಂಕಿನಲ್ಲಿ ಮಡಿಸಿಟ್ಟರೂ ಆ ಎಳೆ ತಾನಾಗಿ ಜೀರ್ಣವಾಗುತ್ತದೆ. ಹತ್ತು ಸೆಂಟಿಮೀಟರಿನ ಅಂತರದಲ್ಲಿ ಎರಡು ಗುರುತು ಹಾಕಿ, ಅಡ್ಡಕ್ಕೆ ಹನ್ನೊಂದೂವರೆಯವರೆಗೆ ಎಳೆದು ಬಿಟ್ಟು ನೋಡಿದೆ. ಜೀವಂತ ಬಟ್ಟೆ ಕ್ಷಣದಲ್ಲಿ ಹತ್ತಕ್ಕೆ ಮರಳುತ್ತದೆ. ಇದು ಹನ್ನೊಂದರ ಹತ್ತಿರವೇ ನಿಂತು, ಮೇಲೆ ಸಣ್ಣ ಅಲೆಗಳೆದ್ದವು. ಹಳೆಯ ಬಟ್ಟೆ ಕೊಂಡು ತೊಡುವ ಹುಚ್ಚು ಈಗ ಬೆಂಗಳೂರಿನಿಂದ ಇಲ್ಲಿಗೂ ಬಂದಿದೆ. ಹಾಗೆ ಕೊಳ್ಳುವವರು ಈ ಒಂದು ಪರೀಕ್ಷೆಯನ್ನು ಅಂಗಡಿಯಲ್ಲಿಯೇ ಮಾಡಿಕೊಳ್ಳಲಿ.

ಕೆಳಗಿಳಿದ ಪಟ್ಟಿ 2010ರ ದಶಕದಲ್ಲಿ ಬಹುಮಟ್ಟಿಗೆ ಮರೆಯಾಗಿ ಹೈ ವೇಸ್ಟ್ ಆಳಿತು. ಮರಳಿದ್ದಕ್ಕೆ ಎಲ್ಲರೂ ನೆನೆಯುವ ಪ್ರಸಂಗ 2021ರ ಅಕ್ಟೋಬರಿನಲ್ಲಿ ಪ್ಯಾರಿಸ್‌ನಲ್ಲಿ ಮಿಯು ಮಿಯು ಎಂಬ ಫ್ಯಾಷನ್ ಸಂಸ್ಥೆ ತೋರಿಸಿದ ಉಡುಪುಗಳ ಸಾಲು. ಅದರ ವಿನ್ಯಾಸಕಿ ಮಿಯುಚ್ಚಾ ಪ್ರಾದಾ ಅಲ್ಲಿ ಕಚೇರಿಯ ಖಾಕಿ ಪ್ಯಾಂಟನ್ನು ಕತ್ತರಿಸಿ ಹಾಕಿದಂಥ ಗೇಣುದ್ದದ ಲಂಗಗಳನ್ನು ಕೊಟ್ಟರು. ಅಂಚಿಗೆ ಮಡಿಕೆಯೂ ಇರಲಿಲ್ಲ, ಜೇಬಿನ ಒಳಚೀಲ ಲಂಗದ ಕೆಳಗೆ ಇಣುಕುತ್ತಿತ್ತು. ಆ ಇಣುಕಿದ ಜೇಬು ನನಗೆ ಬಹಳ ಮುಖ್ಯವಾಗಿ ಕಂಡಿತು. ಬಟ್ಟೆ ಮೇಲಿನಿಂದಲೂ ಕೆಳಗಿನಿಂದಲೂ ಕುಗ್ಗಿದಾಗ ಮೊದಲು ನೆಲೆ ತಪ್ಪುವುದು ಜೇಬು.

ಮಗಳ ಪಿಯುಸಿ ಜೀನ್ಸಿನ ಮುಂದಿನ ಜೇಬಿನ ಆಳ ಆರೂವರೆ ಇಂಚಿತ್ತು. ಪಟ್ಟಿ ಕೆಳಗಿಳಿದರೂ ಜೇಬಿನ ತಳ ಇದ್ದಲ್ಲೇ ಇರಬೇಕು, ಇನ್ನೂ ಕೆಳಗೆ ಬಿಟ್ಟರೆ ಕುಳಿತಾಗ ತೊಡೆಯ ಮಡಿಕೆಯಲ್ಲಿ ಸಿಕ್ಕಿ ಒತ್ತುತ್ತದೆ. ಹಾಗಾಗಿ ಲೋ ವೇಸ್ಟಿನಲ್ಲಿ ಜೇಬು ಗಿಡ್ಡವಾಗುತ್ತದೆ. ತಾಯಿಯ ಜೀನ್ಸಿನಲ್ಲಿ ಅದು ನಾಲ್ಕೂವರೆ ಇಂಚು. 2000ದಲ್ಲಿ ಬಂದ ನೋಕಿಯಾ 3310 ಮೊಬೈಲಿನ ಉದ್ದ 113 ಮಿಲಿಮೀಟರ್, ಅಂದರೆ ನಾಲ್ಕೂವರೆ ಇಂಚಿಗೂ ಕೂದಲೆಳೆಯಷ್ಟು ಕಡಿಮೆ. ತಾಯಿ ತಮ್ಮ ಕಾಲೇಜಿನ ದಿನಗಳಲ್ಲಿ ಫೋನನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರು. ಮಗಳ ಫೋನು ಹದಿನಾರು ಸೆಂಟಿಮೀಟರ್, ಆರೂಕಾಲು ಇಂಚು ದಾಟುತ್ತದೆ. ಅದೇ ಆಳದ ಜೇಬಿನಲ್ಲಿ ಎರಡು ಇಂಚಿನಷ್ಟು ಹೊರಗೆ ನಿಲ್ಲುತ್ತದೆ, ಆಟೋ ಹತ್ತುವಾಗ ಬೀಳುತ್ತದೆ. ಅವಳಿಗೆ ಬ್ಯಾಗ್ ಬೇಕೇ ಬೇಕು.

ಆದರೆ ಸಣ್ಣ ಬ್ಯಾಗ್ ಏಕೆ? ಈ ಆಕಾರದ ಮೂಲ ಇಟಲಿಯ ಫೆಂಡಿ ಸಂಸ್ಥೆಯ ಬಗೆತ್ ಎಂಬ ಬ್ಯಾಗು. ಸಿಲ್ವಿಯಾ ವೆಂಟುರಿನಿ ಫೆಂಡಿ ಅದನ್ನು 1997ರಲ್ಲಿ ತಂದರು. ಫ್ರಾನ್ಸಿನ ಜನ ಉದ್ದನೆಯ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವಂತೆ ಹಿಡಿಯುವ ಬ್ಯಾಗೆಂದು ಆ ಹೆಸರು. ಗಿಡ್ಡ ಪಟ್ಟಿ, ತೋಳಿನ ಕೆಳಗೆ ಅಡಗುವ ಆಯ. ಬಳಿಕ ಡಿಯೋರ್ ಸಂಸ್ಥೆಯ ಕುದುರೆಜೀನಿನ ಆಕಾರದ ಬ್ಯಾಗು ಬಂತು. 2018ರಿಂದ ಈಚೆಗೆ ಇವೆರಡನ್ನೂ ಅವರವರೇ ಮತ್ತೆ ಮಾರುಕಟ್ಟೆಗೆ ತಂದರು. ಅದೇ ಹೊತ್ತಿಗೆ ಫ್ರಾನ್ಸಿನ ವಿನ್ಯಾಸಕ ಜಾಕ್ಮೂಸ್ ಎರಡು ಬೆರಳಲ್ಲಿ ಹಿಡಿಯುವಷ್ಟು ಚಿಕ್ಕ ಬ್ಯಾಗು ತೋರಿಸಿ ಜಗತ್ತಿನ ಬಾಯಿಗೆ ಬಿದ್ದರು. ಅಂಥದ್ದರಲ್ಲಿ ಫೋನೂ ಹಿಡಿಯದು. ನನ್ನ ದೃಷ್ಟಿಯಲ್ಲಿ ಅದು ಒಡವೆಯ ಜಾತಿಗೆ ಸೇರಿದ್ದು, ಅದನ್ನು ಬಿಟ್ಟು ಮುಂದೆ ಹೋಗೋಣ.

ಕಂಕುಳ ಬ್ಯಾಗು ತುಮಕೂರಿನ ಹುಡುಗಿಯರ ತೋಳಿಗೆ ಬಂದದ್ದಕ್ಕೆ ಪ್ಯಾರಿಸ್ಸಿಗಿಂತ ಹತ್ತಿರದ ಕಾರಣವಿದೆ. ತಾಯಿಯ ಕಾಲದಲ್ಲಿ ಮನೆಯಿಂದ ಹೊರಟರೆ ಪರ್ಸು, ಚಿಲ್ಲರೆ, ಬಸ್ ಪಾಸು, ಫೋನ್ ನಂಬರುಗಳ ಪುಸ್ತಕ, ಕೆಲವೊಮ್ಮೆ ಕ್ಯಾಮೆರಾ, ಎಲ್ಲವೂ ಬೇಕಿತ್ತು. ಈಗ ತರಕಾರಿಯವರೂ ಯುಪಿಐ ಚೀಟಿ ತೂಗುಹಾಕಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಧಾರಣ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ, ಗುರುತಿನ ಚೀಟಿ ತೋರಿಸಿದರೆ ಸಾಕು. ಗುಬ್ಬಿಯಿಂದ ತುಮಕೂರಿಗೆ ಬರುವ ಹುಡುಗಿಗೆ ಈಗ ಬೇಕಾದದ್ದು ಫೋನು, ಆಧಾರ್ ಕಾರ್ಡು, ಬೀಗದ ಕೈ, ಒಂದು ಲಿಪ್‌ಸ್ಟಿಕ್. ಇಷ್ಟಕ್ಕೆ ಒಂಬತ್ತು ಇಂಚು ಉದ್ದ, ಐದು ಇಂಚು ಎತ್ತರದ ಬ್ಯಾಗು ಸಾಕು. ಕೊಳ್ಳುವಾಗ ಹೊರಗಿನ ಅಳತೆ ನೋಡಬಾರದು. ಜಿಪ್ ತೆರೆದಾಗ ಸಿಗುವ ಬಾಯಿಯ ಉದ್ದವೇ ಲೆಕ್ಕ. ಬಾಯಿ ಏಳು ಇಂಚಿಗಿಂತ ಕಡಿಮೆಯಿದ್ದರೆ, ಒಳಗೆ ಜಾಗವಿದ್ದರೂ ಫೋನನ್ನು ಓರೆಯಾಗಿ ತುರುಕಬೇಕಾಗುತ್ತದೆ, ಜಿಪ್ಪಿನ ಎರಡು ತುದಿಗಳ ಹೊಲಿಗೆ ತಿಂಗಳೊಪ್ಪತ್ತಿನಲ್ಲಿ ಬಿಡುತ್ತದೆ. ರಿಪೇರಿಗೆ ಬರುವ ಸಣ್ಣ ಬ್ಯಾಗುಗಳಲ್ಲಿ ಹೆಚ್ಚಿನವು ಅಲ್ಲಿಯೇ ಹರಿದಿರುತ್ತವೆ.

ಈ ಬ್ಯಾಗು ಕಂಕುಳಲ್ಲಿ ಉಜ್ಜುವ ಜಾಗದಲ್ಲಿ ಇರುವುದು ಮಿನುಗುವ ಟಾಪು. ಮೂರು ಗುರುತುಗಳೂ ಒಂದೇ ಮೈಮೇಲೆ ಸೇರಿದಾಗ ಏನಾಗುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಪಟ್ಟಿ ಕೆಳಗಿಳಿದಾಗ ಮೇಲಿನ ಅರ್ಧ ದೊಡ್ಡದಾಯಿತು ಎಂದೆನಲ್ಲ, ಆ ದೊಡ್ಡ ಜಾಗವನ್ನು ಆಗಿನವರು ತುಂಬಿದ್ದು ಬೆಳ್ಳಿಯ, ತಿಳಿನೀಲಿಯ, ಸಿ.ಡಿ. ತಟ್ಟೆಯ ಹಿಂಬದಿಯಂಥ ಹೊಳಪಿನಿಂದ. ಅದು ಕಂಪ್ಯೂಟರಿನ ಕಾಲ. 1999 ಮುಗಿದು 2000 ಬರುವಾಗ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದುಕೊಂಡಿದ್ದ ಗಣಕಗಳು ತಪ್ಪು ಲೆಕ್ಕ ಹಾಕಬಹುದು ಎಂಬ ಭಯವಿತ್ತು. ವೈ ಟು ಕೆ ಎಂಬುದು ಮೊದಲು ಆ ದೋಷದ ಹೆಸರು. ಅದನ್ನು ತಿದ್ದುವ ಕೆಲಸ ಬೆಂಗಳೂರಿಗೂ ಬಂದು, ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಎಪ್ಪತ್ತು ಕಿಲೋಮೀಟರ್ ದೂರದ ಆ ಊರಿಗೆ ಕೀಲಿಮಣೆಯ ಕೆಲಸಕ್ಕೆ ಹೋದರು. ಭವಿಷ್ಯವೆಂದರೆ ಲೋಹ ಮತ್ತು ಪ್ಲಾಸ್ಟಿಕ್ಕಿನ ಹೊಳಪು ಎಂದು ಆಗ ಜನ ನಂಬಿದ್ದರು, ಬಟ್ಟೆಯೂ ಹಾಗೇ ಹೊಳೆಯಿತು.

ಈ ಹೊಳಪು ಎರಡು ಬಗೆ. ಒಂದರಲ್ಲಿ ಎಳೆಯೇ ಹೊಳೆಯುತ್ತದೆ. ಕೂದಲಿಗಿಂತಲೂ ತೆಳುವಾದ ಪಾಲಿಯೆಸ್ಟರ್ ಹಾಳೆಯ ಮೇಲೆ, ಗಾಳಿ ತೆಗೆದ ಕೋಣೆಯಲ್ಲಿ ಅಲ್ಯುಮಿನಿಯಮ್ ಆವಿಯನ್ನು ಕೂರಿಸಿ, ಮೇಲೆ ಬಣ್ಣದ ಮೆರುಗು ಹಚ್ಚಿ, ಅದನ್ನು ಸಣ್ಣ ಪಟ್ಟಿಗಳಾಗಿ ಸೀಳಿ ನೂಲಾಗಿ ನೇಯುತ್ತಾರೆ. ಲೂರೆಕ್ಸ್ ಎಂದು ಹೆಸರಾದದ್ದು ಇದೇ. ರೇಷ್ಮೆಯ ಎಳೆಗೆ ಬೆಳ್ಳಿಯ ತಂತಿ ಸುತ್ತಿ ಚಿನ್ನದ ನೀರು ಕೊಟ್ಟ ನಿಜವಾದ ಜರಿಯ ಅಗ್ಗದ ತಂಗಿ ಎನ್ನಬಹುದು. ಶಿಡ್ಲಘಟ್ಟದ ರೇಷ್ಮೆ ನೋಡಿ ಬೆಳೆದ ನಮ್ಮ ಕಡೆಯವರಿಗೆ ಆ ವ್ಯತ್ಯಾಸ ಬೆರಳ ತುದಿಯಲ್ಲೇ ತಿಳಿಯುತ್ತದೆ. ಇನ್ನೊಂದು ಬಗೆಯಲ್ಲಿ ಬಟ್ಟೆ ಸಾಧಾರಣ ಹಿಗ್ಗುವ ಬನಿಯನ್ ಬಟ್ಟೆಯೇ, ಅದರ ಮೇಲೆ ಅಂಟು ಹಚ್ಚಿ ಬಿಸಿಯಲ್ಲಿ ಫಾಯಿಲ್ ಒತ್ತಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ನಾಲ್ಕೈದು ನೂರಕ್ಕೆ ಸಿಗುವ ಟಾಪುಗಳಲ್ಲಿ ಹೆಚ್ಚಿನವು ಈ ಜಾತಿಯವು. ಪತ್ತೆ ಸುಲಭ. ಒಳಮೈ ತಿರುಗಿಸಿ ನೋಡಿದರೆ ಹೊಳಪಿಲ್ಲದ ಬರಿ ಬಟ್ಟೆ ಕಂಡರೆ ಫಾಯಿಲ್, ಎರಡೂ ಕಡೆ ಮಿನುಗಿದರೆ ಎಳೆ. ಫಾಯಿಲನ್ನು ಎರಡು ಹೆಬ್ಬೆರಳ ನಡುವೆ ಮೆಲ್ಲನೆ ಎಳೆದು ಬೆಳಕಿಗೆ ಹಿಡಿಯಿರಿ. ಬತ್ತಿದ ಕೆರೆಯ ತಳದಂತೆ ಬಿರುಕು ಕಾಣಿಸಿದರೆ ಅದು ನಾಲ್ಕು ಒಗೆತ ತಾಳದು.

ಒಗೆತವೇ ನಮ್ಮ ಕಡೆಯ ದೊಡ್ಡ ಶತ್ರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸು, ಸೋಪು ನೊರೆ ಬರುವುದಿಲ್ಲವೆಂದು ಪುಡಿಯನ್ನು ಎರಡು ಪಟ್ಟು ಹಾಕುತ್ತೇವೆ, ಕೆಲವರು ವಾಷಿಂಗ್ ಸೋಡಾವನ್ನೂ ಸೇರಿಸುತ್ತಾರೆ. ಸೋಡಾ ಕ್ಷಾರ, ಅಲ್ಯುಮಿನಿಯಮ್ ಕ್ಷಾರದಲ್ಲಿ ಕರಗುವ ಲೋಹ. ಮೆರುಗಿನ ಪದರ ಗಟ್ಟಿಯಿರುವಷ್ಟು ದಿನ ಕಾಪಾಡುತ್ತದೆ, ಬಿರುಕಿನಿಂದ ಕ್ಷಾರ ಒಳಹೊಕ್ಕರೆ ಹೊಳಪು ಹೋಗಿ ಬರಿಯ ಪ್ಲಾಸ್ಟಿಕ್ ಪದರ ಉಳಿಯುತ್ತದೆ. ಬಿರುಕು ಮೊದಲು ಬೀಳುವ ಜಾಗ ಯಾವುದೆಂದರೆ ಕಂಕುಳು. ಬೆವರು, ಮಡಿಕೆ, ಮೇಲೆ ಬ್ಯಾಗಿನ ಉಜ್ಜುವಿಕೆ, ಮೂರೂ ಅಲ್ಲಿವೆ. ಬ್ಯಾಗು ಹಿಡಿಯುವ ಎಡಗಡೆ ಮಂಕಾಗಿ, ಬಲಗಡೆ ಹೊಸದರಂತೆ ಹೊಳೆಯುವ ಟಾಪುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಅದಕ್ಕೆ ರಿಪೇರಿಯಿಲ್ಲ. ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಸ್ವಲ್ಪ ಶಾಂಪೂ ಹಾಕಿ ಅದ್ದಿ ತೆಗೆದು, ಹಿಂಡದೆ ನೆರಳಲ್ಲಿ ಹರಡಬೇಕು. ಇಸ್ತ್ರಿ ಮುಟ್ಟಿಸಲೇಬಾರದು, ಪಾಲಿಯೆಸ್ಟರ್ ಹಾಳೆ ಬಿಸಿಗೆ ಮುದುಡುತ್ತದೆ. ಹೊಳಪು ಇಷ್ಟಪಡುವವರು ಇನ್ನೂರು ರೂಪಾಯಿ ಹೆಚ್ಚು ಕೊಟ್ಟಾದರೂ ಎಳೆಯಲ್ಲಿ ಹೊಳೆಯುವ ಬಟ್ಟೆಯನ್ನೇ ಕೊಳ್ಳಲಿ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ.

ಇನ್ನು ಆ ಜಿಪ್ಪಿನ ವಿಷಯ. ಮೂರು ಇಂಚಿನ ಹಿತ್ತಾಳೆ ಜಿಪ್ಪನ್ನು ಹುಡುಕಿ ತುಮಕೂರಿನ ನಾಲ್ಕು ಹೊಲಿಗೆ ಸಾಮಾನಿನ ಅಂಗಡಿ ತಿರುಗಿದೆ. ನಾಲ್ಕರಲ್ಲೂ ಐದು, ಆರು ಇಂಚಿನವೇ ಇದ್ದವು. ಹದಿನೈದು ವರ್ಷದಿಂದ ಗಿಡ್ಡ ಜಿಪ್ಪನ್ನು ಯಾರೂ ಕೇಳಿಲ್ಲ ಎಂದರು ಒಬ್ಬರು. ವಾಪಸ್ ಬಂದು ಮೇಜಿನ ಮೇಲೆ ನೋಡಿದರೆ ತಾಯಿಯ ಜೀನ್ಸ್ ಅಲ್ಲಿಯೇ ಇತ್ತು. ಅದರ ಜಿಪ್ಪು ಎರಡೂಮುಕ್ಕಾಲು ಇಂಚು, ಹಲ್ಲುಗಳು ಕಪ್ಪಾಗಿದ್ದವು, ಒಂದೂ ಬಿದ್ದಿರಲಿಲ್ಲ. ತಾಯಿಗೆ ಫೋನ್ ಮಾಡಿ ಕೇಳಿದೆ.

"ಬಿಚ್ಚಿಕೊಳ್ಳಿ ಅಕ್ಕ. ಬಟ್ಟೆ ಮಾತ್ರ ಎಸೆಯಬೇಡಿ" ಎಂದರು.

ಹೊಲಿಗೆ ಬಿಚ್ಚಿ, ಹಲ್ಲಿನ ಮೇಲೆ ಮೇಣದ ಬತ್ತಿಯನ್ನು ನಾಲ್ಕು ಸಲ ಉಜ್ಜಿದೆ. ಮೊದಲೆರಡು ಸಲ ತಡವರಿಸಿ, ಮೂರನೆಯ ಸಲ ಸರಾಗವಾಗಿ ಓಡಿತು. ಮಗಳ ಪಿಯುಸಿ ಜೀನ್ಸಿಗೆ ಅದನ್ನೇ ಕೂರಿಸಿದೆ.